ಎಂಆರ್‌ಐ ಆದ ಮೇಲೂ ಬಲೂನ್ ಟೆಸ್ಟ್ ಯಾಕೆ?

ಪ್ರಶ್ನೆ: ನನಗೆ 47 ವರ್ಷ, ಊರು ಬ್ರಹ್ಮಾವರದ ಹತ್ತಿರ. ಎರಡು ಹೆರಿಗೆ, ಎರಡೂ ನಾರ್ಮಲ್. ನಾಲ್ಕು ವರ್ಷದಿಂದ ಮೋಷನ್ ಸರಿ ಆಗುವುದಿಲ್ಲ. ಬರುವ ಹಾಗೆ ಆಗುತ್ತದೆ, ಹೋಗಿ ಕೂತರೆ ಅರ್ಧ ಗಂಟೆ ತಿಣುಕಿದರೂ ಪೂರ್ತಿ ಹೋಗುವುದಿಲ್ಲ. ಹೇಳಲು ನಾಚಿಕೆ, ಕೆಲವು ಸಲ ಬೆರಳಿನ ಸಹಾಯ ಬೇಕಾಗುತ್ತದೆ. ಇಸಬ್‌ಗೋಲು, ಸಿರಪ್, ಪೌಡರ್, ಹರಳೆಣ್ಣೆ ಎಲ್ಲ ಆಯಿತು. ಕೊಲೊನೋಸ್ಕೋಪಿ ನಾರ್ಮಲ್. ಮಂಗಳೂರಿನಲ್ಲಿ ಎಂಆರ್‌ಐ ಡಿಫೆಕೋಗ್ರಫಿ, ಅಂದರೆ ಮೋಷನ್ ಮಾಡುವಾಗಲೇ ತೆಗೆಯುವ ಸ್ಕ್ಯಾನ್, ಮಾಡಿಸಿದೆವು. ಅದರಲ್ಲಿ ರೆಕ್ಟೋಸೀಲ್ 2.8 ಸೆಂ.ಮೀ., ಆನೋರೆಕ್ಟಲ್ ಕೋನ ಸುಮ್ಮನಿದ್ದಾಗ 98 ಡಿಗ್ರಿ, ತಿಣುಕಿದಾಗ 89 ಡಿಗ್ರಿ, ಜೆಲ್ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿದೆ ಎಂದು ಬಂದಿದೆ. ಒಬ್ಬ ಸರ್ಜನ್ ಆಪರೇಷನ್ ಅಂದರು. ಇನ್ನೊಬ್ಬ ಡಾಕ್ಟರು ಮೊದಲು ಬಲೂನ್ ಟೆಸ್ಟ್ ಆಗಲಿ ಅಂದರು. ಇಷ್ಟು ದೊಡ್ಡ ಸ್ಕ್ಯಾನ್ ಆದ ಮೇಲೆ ಬಲೂನು ಯಾಕೆ? ಅದು ಒಳಗೆ ಒಡೆದರೆ ಏನು ಗತಿ?

ಉತ್ತರ: ನಿಮ್ಮ ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗಿರುವುದು 2.8 ಸೆಂ.ಮೀ. ಎಂಬ ಅಂಕಿಯ ಮೇಲೆ. ನನ್ನ ಕಣ್ಣು ಅದರ ಪಕ್ಕದ ಸಾಲಿನ ಮೇಲೆ ನಿಂತಿತು. ಸುಮ್ಮನಿದ್ದಾಗ 98 ಡಿಗ್ರಿ, ತಿಣುಕಿದಾಗ 89. ಈ ಸಂಖ್ಯೆ ಹೆಚ್ಚಾಗಬೇಕಿತ್ತು, ನಿಮ್ಮಲ್ಲಿ ಕಡಿಮೆಯಾಗಿದೆ. ಎರಡನೇ ಡಾಕ್ಟರು ಬಲೂನ್ ಟೆಸ್ಟ್ ಕೇಳಿದ್ದಕ್ಕೆ ಬಹುಶಃ ಇದೇ ಕಾರಣ.

ಇದು ಅರ್ಥವಾಗಬೇಕಾದರೆ ಮಲ ಹೊರಬರುವ ದಾರಿಯನ್ನು ಒಮ್ಮೆ ನೋಡಬೇಕು. ದೊಡ್ಡ ಕರುಳಿನ ಕೊನೆಯಲ್ಲಿರುವ ಮಲಾಶಯ ನೇರವಾಗಿ ಮಲದ್ವಾರಕ್ಕೆ ಇಳಿಯುವುದಿಲ್ಲ, ಅಲ್ಲಿ ಒಂದು ತಿರುವು ಇದೆ. ಮುಂದಿನ ಸೊಂಟದ ಎಲುಬಿನಿಂದ ಹೊರಟ ಪ್ಯೂಬೊರೆಕ್ಟಾಲಿಸ್ ಎಂಬ ಸ್ನಾಯು ಆ ತಿರುವನ್ನು ಹಿಂದಿನಿಂದ ಬಳಸಿ, ಮತ್ತೆ ಮುಂದಕ್ಕೇ ಬಂದು ಸೇರುತ್ತದೆ. ಬಾವಿಯಿಂದ ಕೊಡ ಎಳೆಯುವಾಗ ಅದರ ಕುತ್ತಿಗೆಗೆ ಹಗ್ಗ ಸುತ್ತಿರುತ್ತದಲ್ಲ, ಹಾಗೆ. ಹಗ್ಗ ಬಿಗಿಯಾಗಿದ್ದಷ್ಟು ಹೊತ್ತು ತಿರುವು ಚೂಪಾಗಿರುತ್ತದೆ, ಮಲ ಒಳಗೆ ನಿಲ್ಲುತ್ತದೆ. ವಿಸರ್ಜನೆಗೆ ಕೂತಾಗ ಎರಡು ಕೆಲಸ ಒಟ್ಟಿಗೆ ಆಗಬೇಕು. ಹೊಟ್ಟೆಯಿಂದ ಒತ್ತಡ ಕೆಳಗೆ ಬರಬೇಕು, ಅದೇ ಹೊತ್ತಿಗೆ ಈ ಹಗ್ಗವೂ ಮಲದ್ವಾರದ ಉಂಗುರ ಸ್ನಾಯುವೂ ಸಡಿಲಬೇಕು. ಆಗ ತಿರುವಿನ ಕೋನ, ಅಂದರೆ ನಿಮ್ಮ ರಿಪೋರ್ಟಿನ ಆನೋರೆಕ್ಟಲ್ ಕೋನ, ಸುಮಾರು 15ರಿಂದ 20 ಡಿಗ್ರಿ ಹಿಗ್ಗಿ ದಾರಿ ನೇರವಾಗುತ್ತದೆ.

ಕೆಲವರಲ್ಲಿ ತಿಣುಕಿದ ಕೂಡಲೇ ಈ ಸ್ನಾಯು ಸಡಿಲುವ ಬದಲು ಇನ್ನಷ್ಟು ಬಿಗಿಯುತ್ತದೆ. ಬಾಗಿಲನ್ನು ಒಂದು ಕೈಯಲ್ಲಿ ದೂಡುತ್ತಾ ಇನ್ನೊಂದು ಕೈಯಲ್ಲಿ ಚಿಲಕ ಹಾಕಿದ ಹಾಗೆ. ಹೆಚ್ಚು ತಿಣುಕಿದರೆ ಚಿಲಕವೂ ಹೆಚ್ಚು ಬಿಗಿ. ವೈದ್ಯರು ಇದನ್ನು ಡಿಸಿನರ್ಜಿಕ್ ಡಿಫೆಕೇಶನ್ ಎನ್ನುತ್ತಾರೆ, ಕನ್ನಡದಲ್ಲಿ ಹೊಂದಾಣಿಕೆ ತಪ್ಪಿದ ವಿಸರ್ಜನೆ ಎನ್ನಬಹುದು. ಸ್ನಾಯು ಹರಿದಿರುವುದಿಲ್ಲ, ನರ ಸತ್ತಿರುವುದಿಲ್ಲ. ದೇಹ ತಪ್ಪು ರೂಢಿ ಕಲಿತಿರುತ್ತದೆ, ಅಷ್ಟೇ. ಇಲ್ಲಿ ಹೊಲಿಯುವಂಥದ್ದೇನೂ ಇಲ್ಲದ ಕಾರಣ ಆಪರೇಷನ್ನಿನಿಂದ ಇದು ಸರಿಯಾಗುವುದಿಲ್ಲ.

ಹಾಗಾದರೆ ರೆಕ್ಟೋಸೀಲ್ ಸುಳ್ಳೇ? ಸುಳ್ಳಲ್ಲ. ಮಲಾಶಯದ ಮುಂದಿನ ಗೋಡೆ ಯೋನಿಯ ಕಡೆಗೆ ಚೀಲದ ಹಾಗೆ ಉಬ್ಬುವುದೇ ರೆಕ್ಟೋಸೀಲ್. ನಾರ್ಮಲ್ ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಮಲಬದ್ಧತೆಯ ಗಂಧಗಾಳಿ ಇಲ್ಲದ, ದಿನಾ ಬೆಳಿಗ್ಗೆ ಐದು ನಿಮಿಷದಲ್ಲಿ ಎದ್ದು ಬರುವ ಹೆಂಗಸರಿಗೆ ಇದೇ ಸ್ಕ್ಯಾನ್ ಮಾಡಿದರೂ ಅನೇಕರಲ್ಲಿ ಚಿಕ್ಕ ಉಬ್ಬು ಕಾಣುತ್ತದೆ. ಆದ್ದರಿಂದ 2 ಸೆಂ.ಮೀ.ಗಿಂತ ಚಿಕ್ಕದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 4 ಸೆಂ.ಮೀ. ದಾಟಿದರೆ ದೊಡ್ಡದು. ನಿಮ್ಮದು ನಡುವೆ ನಿಂತಿದೆ, ಅಂದರೆ ಗಾತ್ರ ಒಂದನ್ನೇ ನೋಡಿ ತೀರ್ಮಾನ ಮಾಡಲಾಗದ ಜಾಗದಲ್ಲಿ.

ಇನ್ನೂ ಒಂದು ಮಾತಿದೆ. ಈ ಉಬ್ಬು ರೋಗದ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು. ತೋಟಕ್ಕೆ ನೀರು ಬಿಡುವ ಹಳೆಯ ರಬ್ಬರ್ ಪೈಪಿನ ತುದಿಯನ್ನು ಕೈಯಲ್ಲಿ ಹಿಸುಕಿ ಹಿಡಿಯಿರಿ. ಸವೆದ ಜಾಗದಲ್ಲಿ ಪೈಪು ಉಬ್ಬುತ್ತದೆ. ಉಬ್ಬಿದ ಜಾಗಕ್ಕೆ ಪಟ್ಟಿ ಸುತ್ತಿದರೆ ನೀರು ಬರುತ್ತದೆಯೇ? ತುದಿ ಹಿಸುಕಿದ ಕೈ ಬಿಡಬೇಕು. ನಾಲ್ಕು ವರ್ಷ ದಿನಾ ಅರ್ಧ ಗಂಟೆ ಮುಚ್ಚಿದ ಬಾಗಿಲಿನ ಮೇಲೆ ತಿಣುಕಿದರೆ, ಹೆರಿಗೆಯಲ್ಲಿ ಸಡಿಲವಾಗಿದ್ದ ಗೋಡೆ ಉಬ್ಬುವುದರಲ್ಲಿ ಆಶ್ಚರ್ಯವಿಲ್ಲ. ತುದಿ ಹಿಸುಕಿದೆಯೇ ಇಲ್ಲವೇ ಎಂದು ಮೊದಲು ತಿಳಿಯಬೇಕು. ಬಲೂನ್ ಟೆಸ್ಟ್ ಇರುವುದು ಅದಕ್ಕೆ.

ಎಂಆರ್‌ಐ ಅದನ್ನು ಆಗಲೇ ಹೇಳಿದೆಯಲ್ಲ, ಕೋನ ಕಡಿಮೆಯಾಗಿದೆಯಲ್ಲ ಎಂದು ನೀವು ಕೇಳಬಹುದು. ಹೇಳಿದೆ, ಆದರೆ ಅದರ ಸಾಕ್ಷ್ಯ ಇಲ್ಲಿ ಅಷ್ಟು ಗಟ್ಟಿಯಲ್ಲ. ಕಾರಣ ಆ ಪರೀಕ್ಷೆ ನಡೆಯುವ ರೀತಿಯಲ್ಲೇ ಇದೆ. ನೀವು ಆ ಕೊಳವೆಯೊಳಗೆ ಅಂಗಾತ ಮಲಗಿದ್ದಿರಿ, ಮಲಾಶಯಕ್ಕೆ ಅಲ್ಟ್ರಾಸೌಂಡಿಗೆ ಹಚ್ಚುವ ಜೆಲ್ಲನ್ನೇ ಸಿರಿಂಜಿನಲ್ಲಿ ತುಂಬಿದ್ದರು. ಅಡಿಗೆ ಪ್ಯಾಡು, ಮೈಕಿನಲ್ಲಿ ಅಪರಿಚಿತರ ದನಿ, “ಈಗ ತಿಣುಕಿ.” ಚಿಕ್ಕಂದಿನಿಂದ ಮಲಗಿದಲ್ಲಿ ಮಾಡಬಾರದು ಎಂದು ಕಲಿತ ದೇಹ ಅಲ್ಲಿ ಸುಲಭಕ್ಕೆ ಒಪ್ಪುವುದಿಲ್ಲ. ಹಾಸಿಗೆ ಒದ್ದೆಯಾದೀತು ಎಂಬ ಭಯಕ್ಕೇ ಸ್ನಾಯು ಬಿಗಿಯುತ್ತದೆ. ಏನೂ ತೊಂದರೆ ಇಲ್ಲದವರೂ ಅಲ್ಲಿ ಅರ್ಧ ಜೆಲ್ ಉಳಿಸಿಕೊಂಡು ಬರುವುದುಂಟು. ಹಾಗಾಗಿ ಒಂದು ಸಲ ತಿಣುಕಿಸಿ ಮುಗಿಸಬಾರದು. ಕನಿಷ್ಠ ಮೂರು ಪ್ರಯತ್ನ ಆಗಬೇಕು, ಆಮೇಲೆ ಟಾಯ್ಲೆಟ್ಟಿಗೆ ಕಳಿಸಿ ಮತ್ತೊಮ್ಮೆ ಚಿತ್ರ ತೆಗೆಯಬೇಕು.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ, ಇದನ್ನು ನೀವು ರೇಡಿಯಾಲಜಿಸ್ಟರನ್ನು ಕೇಳಿಯೇ ತಿಳಿಯಬೇಕು. ಈ ಸ್ಕ್ಯಾನಿನಲ್ಲಿ ಹಲವು ಹಂತಗಳಿವೆ: ಸುಮ್ಮನಿರುವುದು, ಬಿಗಿ ಹಿಡಿಯುವುದು, ತಿಣುಕುವುದು, ಕೊನೆಗೆ ನಿಜವಾಗಿ ಹೊರಹಾಕುವುದು. ತಿಣುಕುವ ಹಂತದಲ್ಲಿ ಕೆಲವು ಕಡೆ “ಒತ್ತಡ ಹಾಕಿ, ಆದರೆ ಜೆಲ್ ಬಿಡಬೇಡಿ” ಎನ್ನುತ್ತಾರೆ. ಬಿಡಬೇಡಿ ಎಂದರೆ ಯಾರೇ ಆದರೂ ಸ್ನಾಯು ಬಿಗಿಯುತ್ತಾರೆ, ಕೋನ ಕಡಿಮೆಯಾಗುತ್ತದೆ. ಹಾಗಾಗಿ 89 ಡಿಗ್ರಿ ಅಳೆದದ್ದು ಯಾವ ಹಂತದಲ್ಲಿ ಎಂಬುದು ಮುಖ್ಯ. ಹೊರಹಾಕುವ ಹಂತದಲ್ಲೇ ಅಳೆದಿದ್ದರೆ ಅದು ಬಲವಾದ ಸುಳಿವು. ಹಿಂದಿನ ಹಂತದ್ದಾದರೆ ಅದಕ್ಕೆ ಹೆಚ್ಚು ಬೆಲೆ ಕೊಡಲಾಗದು. ನಿಮ್ಮ ರಿಪೋರ್ಟಿನಲ್ಲಿ “ತಿಣುಕಿದಾಗ” ಎಂದಷ್ಟೇ ಇದೆ. ಸಿ.ಡಿ. ಕೊಟ್ಟಿದ್ದರೆ ಅದನ್ನು ತೋರಿಸಿ ಈ ಒಂದು ಪ್ರಶ್ನೆ ಕೇಳಿ.

ಈಗ ಬಲೂನಿನ ವಿಷಯ. ಹೆಸರು ಕೇಳಿದರೆ ಜಾತ್ರೆಯ ಬಲೂನು ನೆನಪಾಗುತ್ತದೆ, ಭಯ ಬರುವುದು ಅಲ್ಲಿಂದಲೇ. ಅಸಲಿಗೆ ಅದು ಬೆರಳಿಗಿಂತ ತೆಳ್ಳಗಿನ ಒಂದು ಮೆತ್ತನೆಯ ಟ್ಯೂಬು. ತುದಿಗೆ ಸುಮಾರು 4 ಸೆಂ.ಮೀ. ಉದ್ದದ ಚಿಕ್ಕ ಬಲೂನು ಕಟ್ಟಿರುತ್ತಾರೆ. ಕೆಲವು ಕಡೆ ಮೂತ್ರಕ್ಕೆ ಹಾಕುವ ಫೋಲಿ ಕ್ಯಾತಿಟರನ್ನೇ ಬಳಸುತ್ತಾರೆ. ಒಳಗೆ ಹಾಕುವಾಗ ಬಲೂನು ಖಾಲಿ, ಜಾರಲೆಂದು ಜೆಲ್ ಹಚ್ಚಿರುತ್ತಾರೆ. ಎಡ ಮಗ್ಗುಲಿಗೆ ಮಲಗಿಸಿ ಅದನ್ನು ಮಲಾಶಯಕ್ಕೆ ಸೇರಿಸಿದ ಮೇಲೆ ಸಿರಿಂಜಿನಿಂದ 50 ಮಿ.ಲೀ. ಉಗುರುಬೆಚ್ಚಗಿನ ನೀರು ತುಂಬುತ್ತಾರೆ. 50 ಮಿ.ಲೀ. ಎಂದರೆ ಹೋಟೆಲಿನ ಅರ್ಧ ಲೋಟ ಚಾ ಕೂಡ ಅಲ್ಲ. ಮಲಾಶಯ ಇದಕ್ಕಿಂತ ಹೆಚ್ಚಿನದನ್ನು ದಿನಾ ಹೊರುತ್ತದೆ. ಆಮೇಲೆ ನಿಮ್ಮನ್ನು ಕಮೋಡಿನ ಮೇಲೆ ಕೂರಿಸಿ, ಪರದೆ ಎಳೆದು, ಹೊರಗೆ ನಿಂತು ಸ್ಟಾಪ್‌ವಾಚ್ ಒತ್ತುತ್ತಾರೆ. ಎಂದಿನಂತೆ ಅದನ್ನು ಹೊರಹಾಕಬೇಕು. ಅಷ್ಟೇ ಪರೀಕ್ಷೆ.

ಬಲೂನು ಒಡೆದರೆ ಎಂದು ಕೇಳಿದ್ದೀರಿ. ಒಳಗಿರುವುದು ನೀರು. ಒಡೆದರೂ ಆ ನೀರು ಹೊರಗೆ ಬರುತ್ತದೆ, ಎನಿಮಾ ಕೊಟ್ಟ ಹಾಗೆ. ಸಿಕ್ಕಿಕೊಂಡರೆ ಎಂಬ ಚಿಂತೆಯೂ ಬೇಡ. ಟ್ಯೂಬಿನ ಇನ್ನೊಂದು ತುದಿ ಹೊರಗಿರುತ್ತದೆ, ಅಲ್ಲಿಂದ ನೀರು ಹಿಂದಕ್ಕೆ ಎಳೆದರೆ ಬಲೂನು ಚಪ್ಪಟೆಯಾಗಿ ಜಾರಿ ಬರುತ್ತದೆ. ಅರಿವಳಿಕೆ ಬೇಡ, ಎಕ್ಸ್‌ರೇ ಇಲ್ಲ. ನೀವು ಕೇಳದೆ ಇದ್ದ ಒಂದು ಅಪಾಯ ಮಾತ್ರ ಹೇಳಬೇಕು: ಬಲೂನು ಹೆಚ್ಚಾಗಿ ಲೇಟೆಕ್ಸ್ ರಬ್ಬರಿನದು. ರಬ್ಬರ್ ಕೈಗವಸು ಹಾಕಿದಾಗ ಅಥವಾ ಹುಟ್ಟುಹಬ್ಬದ ಬಲೂನು ಊದಿದಾಗ ನಿಮಗೆ ತುರಿಕೆ, ತುಟಿ ಬಾವು ಬಂದಿದ್ದರೆ ಮೊದಲೇ ಹೇಳಿ, ಬೇರೆ ವಸ್ತುವಿನದನ್ನು ಬಳಸುತ್ತಾರೆ. ಮಲದ್ವಾರದಲ್ಲಿ ಈಗ ಬಿರುಕಿದ್ದು ನೋವಿದ್ದರೆ ಅದು ಮಾಗುವ ತನಕ ಮುಂದೂಡಿ. ನೋವಿಗೇ ಸ್ನಾಯು ಬಿಗಿಯುತ್ತದೆ, ಫಲಿತಾಂಶ ಕೆಡುತ್ತದೆ.

ಹೆಚ್ಚಿನ ಆರೋಗ್ಯವಂತರು ಒಂದು ನಿಮಿಷದೊಳಗೆ ಬಲೂನು ಹೊರಹಾಕುತ್ತಾರೆ. ಕೆಲವು ಲ್ಯಾಬುಗಳು ಎರಡು ನಿಮಿಷದ ತನಕ ಬಿಡುತ್ತವೆ, ಹಳೆಯ ಪದ್ಧತಿಯಲ್ಲಿ ಐದು ನಿಮಿಷ ಕಾಯುವುದೂ ಇತ್ತು. ಆದ್ದರಿಂದ ರಿಪೋರ್ಟಿನಲ್ಲಿ “ನಾರ್ಮಲ್” ಅಥವಾ “ಅಬ್‌ನಾರ್ಮಲ್” ಎಂದಷ್ಟೇ ಬರೆದಿದ್ದರೆ ಸಾಲದು. ಎಷ್ಟು ಸೆಕೆಂಡು, ಎಷ್ಟು ನೀರು, ಕೂತೋ ಮಲಗಿಯೋ, ಈ ಮೂರೂ ಇರಬೇಕು. 20 ಸೆಕೆಂಡಿನಲ್ಲಿ ಬಂದದ್ದೂ 4 ನಿಮಿಷಕ್ಕೆ ಬೆವರು ಹರಿಸಿ ಬಂದದ್ದೂ ಒಂದೇ ಅಲ್ಲ.

ಇಷ್ಟು ಸರಳ ಪರೀಕ್ಷೆ ಕೆಡುವುದು ಹೇಗೆ ಎಂದರೆ, ಹೆಚ್ಚಾಗಿ ತೀರಾ ಸಣ್ಣ ಕಾರಣಗಳಿಂದ. ಮಲಾಶಯದಲ್ಲಿ ಮೊದಲೇ ಗಟ್ಟಿ ಮಲ ತುಂಬಿದ್ದರೆ ಬಲೂನು ಅದರ ಪಕ್ಕದಲ್ಲೋ ಮೇಲೋ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಪರೀಕ್ಷೆಗೆ ಒಂದೆರಡು ಗಂಟೆ ಮೊದಲು ಚಿಕ್ಕ ಎನಿಮಾ ಕೊಟ್ಟು ಖಾಲಿ ಮಾಡಿಸುವುದು, ಆಮೇಲೆ ಡಾಕ್ಟರು ಬೆರಳು ಹಾಕಿ ಖಾತ್ರಿ ಮಾಡಿಕೊಳ್ಳುವುದು. ಮಲಗಿದಲ್ಲೇ ಹೊರಹಾಕಲು ಹೇಳಿದರೆ ಆರೋಗ್ಯವಂತರಲ್ಲೂ ಕೆಲವರು ಸೋಲುತ್ತಾರೆ. ಬಾಗಿಲು ಅರೆ ತೆರೆದಿದೆ, ಪರದೆಯ ಆಚೆ ಇಬ್ಬರು ವಿದ್ಯಾರ್ಥಿಗಳು ಮಾತಾಡುತ್ತಿದ್ದಾರೆ ಎಂದಾದರೂ ಅಷ್ಟೇ. ನಾಚಿಕೆಗೆ ಸ್ನಾಯು ಬಿಗಿದರೆ ಅದು ನಿಮ್ಮ ರೋಗವಲ್ಲ, ಆ ಕೋಣೆಯ ದೋಷ. ನಮ್ಮ ಕಡೆಯ ಬೋಧನಾ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿಸುವುದಾದರೆ, ನನ್ನ ಹತ್ತಿರ ಒಬ್ಬ ಸಿಸ್ಟರ್ ಮಾತ್ರ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲ ಸಲ ಆಗದಿದ್ದರೆ, ಇನ್ನೊಂದು ದಿನ ಮತ್ತೆ ಮಾಡಿಸುವುದು ಆಪರೇಷನ್ನಿಗಿಂತ ಎಷ್ಟೋ ಹಗುರ.

ಇದಕ್ಕೂ ಮೊದಲಿನ ಒಂದು ಪರೀಕ್ಷೆ ಇದೆ, ಖರ್ಚೇ ಇಲ್ಲದ್ದು. ಡಾಕ್ಟರು ಮಲದ್ವಾರದಲ್ಲಿ ಬೆರಳಿಟ್ಟು “ಈಗ ಬಿಗಿಹಿಡಿಯಿರಿ, ಈಗ ಮೋಷನಿಗೆ ಕೂತ ಹಾಗೆ ತಳ್ಳಿ” ಎಂದು ಎರಡು ಸಲ ಮಾಡಿಸುವುದು. ತಳ್ಳುವಾಗ ಬೆರಳಿನ ಸುತ್ತ ಸಡಿಲಬೇಕು, ಹೊಟ್ಟೆ ಗಟ್ಟಿಯಾಗಬೇಕು. ಬಿಗಿದುಕೊಂಡರೆ ಅಲ್ಲೇ ಅನುಮಾನ ಬರುತ್ತದೆ. ಬೆರಳು ಹಾಕಿ ನೋಡುವಾಗ “ತಳ್ಳಿ” ಎಂದು ನಿಮಗೆ ಯಾರಾದರೂ ಹೇಳಿದ್ದರೇ? ನೆನಪಿಲ್ಲದಿದ್ದರೆ ಬಹುಶಃ ಆ ಪರೀಕ್ಷೆ ಆಗಿಯೇ ಇಲ್ಲ. ಇಷ್ಟೊಂದು ದುಬಾರಿ ಚಿತ್ರಗಳ ಕಾಲದಲ್ಲಿ ಇದು ಬಿಟ್ಟುಹೋಗುವುದೇ ಹೆಚ್ಚು.

ಬಲೂನ್ ಟೆಸ್ಟ್ ಏನು ಹೇಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಬಲೂನು ಹೊರಬರಲಿಲ್ಲ ಎಂದರೆ ದಾರಿ ತೆರೆಯುತ್ತಿಲ್ಲ ಎಂದು ತಿಳಿಯುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ. ಸ್ನಾಯು ಬಿಗಿಯುತ್ತಿರಬಹುದು, ಹೊಟ್ಟೆಯಿಂದ ತಳ್ಳುವ ಬಲವೇ ಸಾಲದಿರಬಹುದು, ಅಥವಾ ವರ್ಷಗಟ್ಟಲೆ ತುಂಬಿ ಹಿಗ್ಗಿದ ಮಲಾಶಯಕ್ಕೆ 50 ಮಿ.ಲೀ. ಬಂದದ್ದೇ ಗೊತ್ತಾಗದಿರಬಹುದು. ಬಲೂನು ಸಲೀಸಾಗಿ ಬಂತು ಎಂದರೆ ಹೊಂದಾಣಿಕೆ ತಪ್ಪಿರುವ ಸಾಧ್ಯತೆ ಬಹಳ ಕಡಿಮೆ, ಆದರೆ ರೆಕ್ಟೋಸೀಲ್ ತೊಂದರೆ ಕೊಡುತ್ತಿಲ್ಲ ಎಂದಲ್ಲ. ಒಂದೇ ಉಂಡೆಯಾಗಿರುವ ಬಲೂನು ಚೀಲಕ್ಕೆ ಇಳಿಯದೆ ನೇರ ಜಾರಬಹುದು. ಮೆತ್ತನೆಯ ಮಲ ಹಾಗಲ್ಲ, ಚೀಲದ ಮೂಲೆಗೆ ಹೋಗಿ ಕೂರುತ್ತದೆ.

ಆದ್ದರಿಂದ ಈ ಒಂದರ ಮೇಲೆ ಯಾರೂ ತೀರ್ಪು ಕೊಡುವುದಿಲ್ಲ. ಅಂತಾರಾಷ್ಟ್ರೀಯವಾಗಿ ಬಳಸುವ ರೋಮ್ ಮಾನದಂಡದ ಪ್ರಕಾರ ಬಲೂನ್ ಟೆಸ್ಟ್, ಸ್ನಾಯುವಿನ ಅಳತೆ, ಚಿತ್ರ, ಈ ಮೂರರಲ್ಲಿ ಎರಡಾದರೂ ಕೆಟ್ಟಿರಬೇಕು. ಸ್ನಾಯುವಿನ ಅಳತೆ ಎಂದರೆ ಮ್ಯಾನೋಮೆಟ್ರಿ. ಒತ್ತಡ ಅಳೆಯುವ ತೆಳ್ಳಗಿನ ಟ್ಯೂಬು ಇಟ್ಟು, ತಳ್ಳುವಾಗ ಮಲಾಶಯದೊಳಗೆ ಒತ್ತಡ ಏರುತ್ತದೆಯೇ, ಮಲದ್ವಾರದಲ್ಲಿ ಇಳಿಯುತ್ತದೆಯೇ ಎಂದು ನೋಡುವುದು. ಇದು ಮತ್ತು ಬಲೂನ್ ಟೆಸ್ಟ್ ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ, ಒಂದೇ ದಿನ ಮುಗಿಯುತ್ತವೆ. ಎರಡಕ್ಕೂ ಸೇರಿ ಒಂದು ಗಂಟೆ ಇಟ್ಟುಕೊಳ್ಳಿ. ನಿಮ್ಮಲ್ಲಿ ಚಿತ್ರ ಆಗಲೇ ಒಂದು ಸುಳಿವು ಕೊಟ್ಟಿದೆ. ಇನ್ನೊಂದು ಬೇಕು.

ಎರಡು ರೀತಿ ಊಹಿಸೋಣ. ಮೊದಲನೆಯದು: ನೀವು ಕೂತಿರಿ, ಎರಡು ನಿಮಿಷ ಕಳೆಯಿತು, ಬಲೂನು ಬರಲಿಲ್ಲ. ಮ್ಯಾನೋಮೆಟ್ರಿಯಲ್ಲಿ ತಳ್ಳುವ ಬಲ ಚೆನ್ನಾಗಿದೆ, ಆದರೆ ಅದೇ ಹೊತ್ತಿಗೆ ಮಲದ್ವಾರದ ಒತ್ತಡವೂ ಏರಿದೆ. ಅಂದರೆ ನಿಮ್ಮ ಎಂಆರ್‌ಐಯ 98ರಿಂದ 89ಕ್ಕೆ ಇಳಿದ ಕೋನ ನಿಜವೇ ಹೇಳಿತ್ತು. ಉಳಿದ ಜೆಲ್ಲಿಗೂ ಚೀಲಕ್ಕೂ ಮೂಲ ಅಲ್ಲೇ. ಆಗ ಆಪರೇಷನ್ ಬೇಡ, ಬಯೋಫೀಡ್‌ಬ್ಯಾಕ್ ತರಬೇತಿ ಬೇಕು. ಸ್ನಾಯುವಿನ ಒತ್ತಡವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸಿ, ನಿಮ್ಮ ಕಣ್ಣೆದುರೇ ಅದನ್ನು ಇಳಿಸಲು ಕಲಿಸುತ್ತಾರೆ. ಹೊಟ್ಟೆ ತುಂಬ ಉಸಿರೆಳೆದು, ಉಸಿರು ಕಟ್ಟದೆ ಕೆಳಗೆ ತಳ್ಳುವುದು, ತಳ್ಳುವಾಗ ಗೆರೆ ಏರಿದರೆ ನಿಲ್ಲಿಸಿ ಮತ್ತೆ ಮೊದಲಿನಿಂದ. ಕೊನೆಕೊನೆಗೆ ಅದೇ ನೀರಿನ ಬಲೂನನ್ನು ಹೊರಹಾಕುವ ಅಭ್ಯಾಸ. ಒಂದೆರಡು ವಾರಕ್ಕೊಮ್ಮೆಯಂತೆ ನಾಲ್ಕರಿಂದ ಆರು ಸಲ ಹೋಗಬೇಕು, ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು. ಪೂರ್ತಿ ಮುಗಿಸಿದವರಲ್ಲಿ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಎರಡು ಸಲ ಹೋಗಿ ಬಿಟ್ಟರೆ ಫಲ ಸಿಗುವುದು ಕಷ್ಟ. ಬ್ರಹ್ಮಾವರದಿಂದ ಮಂಗಳೂರಿಗೆ ಆರು ಸಲ ಬಸ್ಸು ಹತ್ತುವುದು ಕಷ್ಟವೇ, ಹಾಗಾಗಿ ಮಣಿಪಾಲದ ಕಡೆಯೂ ಈ ತರಬೇತಿ ಸಿಗುತ್ತದೆಯೇ ಎಂದು ಮೊದಲು ಫೋನಿನಲ್ಲಿ ವಿಚಾರಿಸಿ. ಮ್ಯಾನೋಮೆಟ್ರಿ ಇರುವ ಕಡೆಯೆಲ್ಲ ತರಬೇತಿ ಕೊಡುವವರು ಇರುವುದಿಲ್ಲ.

ಚೀಲ ಏನಾಗುತ್ತದೆ? ಅಲ್ಲೇ ಇರುತ್ತದೆ. ಬಾಗಿಲು ತೆರೆದು ಮಲ ಸಲೀಸಾಗಿ ಹೋಗತೊಡಗಿದ ಮೇಲೆ 2.8 ಸೆಂ.ಮೀ. ಚೀಲ ತನ್ನ ಪಾಡಿಗೆ ಇದ್ದರೆ ಅದನ್ನು ಮುಟ್ಟುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ. ಇದನ್ನು ತಿರುವುಮುರುವು ಮಾಡಿ, ಬಿಗಿಯುವ ಸ್ನಾಯುವನ್ನು ಹಾಗೇ ಬಿಟ್ಟು ಚೀಲ ಮಾತ್ರ ಹೊಲಿಸಿದರೆ, ನೀವು ಮೊದಲಿನಂತೆಯೇ ತಿಣುಕುತ್ತೀರಿ. ಹೊಲಿಗೆಯ ಮೇಲೆ ಅದೇ ಒತ್ತಡ ಬೀಳುತ್ತದೆ, ಚೀಲ ಮರಳಿ ಬರುವುದಕ್ಕೆ ದಾರಿಯಾಗುತ್ತದೆ.

ಎರಡನೆಯ ರೀತಿ: ಬಲೂನು 25 ಸೆಕೆಂಡಿಗೆ ಸಲೀಸಾಗಿ ಬಂತು, ಮ್ಯಾನೋಮೆಟ್ರಿಯೂ ಸರಿ ಇದೆ. ಆಗ ಕೋನದ ಸುಳಿವು ಸ್ಕ್ಯಾನ್ ಕೋಣೆಯ ನಾಚಿಕೆಯದ್ದು ಎಂದು ತಿಳಿಯಬೇಕು, ರೆಕ್ಟೋಸೀಲ್ ಮತ್ತೆ ಮುಂದಕ್ಕೆ ಬರುತ್ತದೆ. ಇಲ್ಲಿ ನೀವು ನಾಚಿಕೆಯಿಂದ ಅರ್ಧ ಬಿಟ್ಟ ಒಂದು ಮಾತು ಬಹಳ ಬೆಲೆಯದ್ದು. ಬೆರಳಿನ ಸಹಾಯ ಎಂದಿರಿ, ಎಲ್ಲಿ? ಯೋನಿಯೊಳಗಿನಿಂದ ಹಿಂದಿನ ಗೋಡೆಯನ್ನು ಒತ್ತಿದ ಕೂಡಲೇ ಮಲ ಹೊರಬರುತ್ತದೆ ಎಂದಾದರೆ, ಚೀಲದಲ್ಲಿ ಮಲ ನಿಲ್ಲುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಯಂತ್ರವೂ ಕೊಡುವುದಿಲ್ಲ. ಮಲದ್ವಾರದಿಂದಲೇ ಬೆರಳು ಹಾಕಿ ತೆಗೆಯುವುದಾದರೆ ಅದು ಎರಡೂ ತೊಂದರೆಗಳಲ್ಲಿ ಇರುತ್ತದೆ, ಬೇರ್ಪಡಿಸಲಾಗದು. ಡಾಕ್ಟರಿಗೆ ಇದನ್ನು ಬಿಡಿಸಿ ಹೇಳಿ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನಮಗೆ ಇದು ದಿನನಿತ್ಯದ ಮಾತು.

ಆಪರೇಷನ್ನಿನ ಮಾತಿಗೆ ಹೋಗುವ ಮೊದಲು ಈ ಎರಡನೆಯ ದಾರಿಯಲ್ಲಿ ಕೂತು ಮಾಡುವ ಬೇರಿಯಂ ಡಿಫೆಕೋಗ್ರಫಿ ಉಪಯೋಗಕ್ಕೆ ಬರುತ್ತದೆ. ಬೇರಿಯಂ ಪುಡಿಗೆ ಪಿಷ್ಟದಂಥದ್ದನ್ನು ಬೆರೆಸಿ, ಮೆತ್ತನೆಯ ಮಲದಷ್ಟು ಗಟ್ಟಿ ಪೇಸ್ಟು ಮಾಡಿ, ಸುಮಾರು 150ರಿಂದ 250 ಮಿ.ಲೀ. ಮಲಾಶಯಕ್ಕೆ ತುಂಬುತ್ತಾರೆ. ಎಕ್ಸ್‌ರೇ ದಾಟಿಹೋಗುವ ವಿಶೇಷ ಕಮೋಡಿನ ಮೇಲೆ ಕೂರಿಸಿ, ಪಕ್ಕದಿಂದ ಎಕ್ಸ್‌ರೇ ವೀಡಿಯೊ ತೆಗೆಯುತ್ತಾರೆ. ನೆಲದ ಎಳೆತ ಇಲ್ಲಿ ಇದೆ, ಪೇಸ್ಟು ನಿಜದ ಮಲಕ್ಕೆ ಹತ್ತಿರ. ಮಲಗಿ ತೆಗೆದ ಚಿತ್ರದಲ್ಲಿ ಚಿಕ್ಕದಾಗಿ ಕಂಡ ಚೀಲ ಕೂತಾಗ ದೊಡ್ಡದಾಗಿ ಕಾಣಬಹುದು, ಮಲಾಶಯದ ಒಳಪದರ ತನ್ನೊಳಗೇ ಮಡಚಿ ಇಳಿಯುವುದೂ ಕಾಣಬಹುದು. ಆ ಮಡಚುವಿಕೆ ಪೂರ್ತಿ ಖಾಲಿಯಾಗುವ ಕೊನೆಯ ಕ್ಷಣದಲ್ಲೇ ತೋರುವುದು, ಆದ್ದರಿಂದ ಅರ್ಧ ಖಾಲಿಯಾದ ಚಿತ್ರದಲ್ಲಿ “ಇಲ್ಲ” ಎಂದು ಬರೆದದ್ದಕ್ಕೆ ಅರ್ಥವಿಲ್ಲ. ನಿಮ್ಮ ಎಂಆರ್‌ಐಗೂ ಈ ಮಾತು ಅನ್ವಯಿಸುತ್ತದೆ. ಎಂಆರ್‌ಐಯ ಲಾಭ ಬೇರೆ: ಅದರಲ್ಲಿ ವಿಕಿರಣ ಇಲ್ಲ, ಮೂತ್ರಕೋಶ, ಗರ್ಭಕೋಶ, ಸುತ್ತಲಿನ ಸ್ನಾಯು ಎಲ್ಲ ಒಟ್ಟಿಗೆ ಕಾಣುತ್ತವೆ. ಬೇರಿಯಂ ಪರೀಕ್ಷೆಯಲ್ಲಿ ಸೊಂಟಕ್ಕೆ ಸ್ವಲ್ಪ ಎಕ್ಸ್‌ರೇ ಬೀಳುತ್ತದೆ, ಮುಟ್ಟು ಇನ್ನೂ ನಿಂತಿರದಿದ್ದರೆ ಗರ್ಭ ಇಲ್ಲ ಎಂದು ಖಚಿತ ಮಾಡಿಕೊಂಡೇ ಹೋಗಿ.

ಆ ವೀಡಿಯೊದಲ್ಲಿ ನೋಡಬೇಕಾದದ್ದು ಚೀಲದ ಉದ್ದವನ್ನಲ್ಲ. ಉಳಿದದ್ದೆಲ್ಲ ಹೊರಹೋದ ಮೇಲೂ ಚೀಲದಲ್ಲಿ ಬೇರಿಯಂ ನಿಂತಿದೆಯೇ ಎಂಬುದನ್ನು. ನಿಂತಿದ್ದರೆ, ಒತ್ತಿ ಬಿಡಿಸುವ ಅಭ್ಯಾಸವೂ ಇದ್ದರೆ, ಔಷಧಿಯಿಂದ ಮಲ ಮೆತ್ತಗಾದ ಮೇಲೂ ತೊಂದರೆ ಹೋಗದಿದ್ದರೆ, ಆಗ ಸರ್ಜನ್ ಹೇಳಿದ ಆಪರೇಷನ್ ಯೋಚಿಸುವಂಥದ್ದು. ಯೋನಿಯ ಕಡೆಯಿಂದ ಗೋಡೆ ಬಿಗಿ ಮಾಡಿದರೆ ಕೆಲವರಿಗೆ ಆಮೇಲೆ ಸಂಭೋಗದಲ್ಲಿ ನೋವು ಬರುತ್ತದೆ. ಮಲಾಶಯದ ಒಳಗಿನಿಂದ ಸ್ಟೇಪ್ಲರ್ ಹಾಕುವ ವಿಧಾನದಲ್ಲಿ ರಕ್ತಸ್ರಾವ, ಬಿಡದ ನೋವು, ತಡೆಯಲಾಗದ ಅವಸರ ಇವು ಬರಬಹುದು. ಹೊಟ್ಟೆಯ ಕಡೆಯಿಂದ ಬಲೆ ಹಾಕಿ ಎತ್ತಿ ಕಟ್ಟುವುದಾದರೆ ಬಲೆಯ ತೊಂದರೆಗಳು. ನಿಮಗೆ ಯಾವುದನ್ನು ಹೇಳಿದ್ದಾರೆ ಎಂದು ಬರೆದಿಲ್ಲ, ಕೇಳಿ ತಿಳಿದುಕೊಳ್ಳಿ.

ಬಲೂನು ಬರಲಿಲ್ಲ, ಆದರೆ ಮ್ಯಾನೋಮೆಟ್ರಿ ಸರಿ ಇದೆ ಎಂಬ ಅಡ್ಡದಾರಿಯೂ ಉಂಟು. ಮಲಗಿ ತೆಗೆದ ಎಂಆರ್‌ಐ ಗಟ್ಟಿ ಸಾಕ್ಷ್ಯ ಅಲ್ಲದ ಕಾರಣ, ಆಗಲೂ ಕೂತು ಮಾಡುವ ಡಿಫೆಕೋಗ್ರಫಿಯೇ ಗಂಟು ಬಿಡಿಸಬೇಕು.

ಅಲ್ಲಿಯ ತನಕ ಮನೆಯಲ್ಲಿ ಏನು ಮಾಡಬೇಕು? ಇಸಬ್‌ಗೋಲನ್ನು ಇನ್ನೂ ಹೆಚ್ಚಿಸಬೇಡಿ. ನಾರು ಒಳ್ಳೆಯದು ಎಂಬುದು ನಿಜ, ಆದರೆ ಬಾಗಿಲು ಮುಚ್ಚಿದ್ದಾಗ ಒಳಗೆ ಗಾತ್ರ ಹೆಚ್ಚಿಸಿದರೆ ಉಬ್ಬರ ಹೆಚ್ಚಾಗುತ್ತದೆ ಅಷ್ಟೇ. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ ಎಂದಿನಂತೆ ಇರಲಿ. ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುವ ಪೌಡರು ನಿಮ್ಮ ಡಾಕ್ಟರು ಹೇಳಿದ ಅಳತೆಯಲ್ಲಿ ಮುಂದುವರಿಯಲಿ. ಹರಳೆಣ್ಣೆ ಕರುಳನ್ನು ಹಿಂಡುತ್ತದೆ, ಬಾಗಿಲನ್ನು ತೆರೆಯುವುದಿಲ್ಲ. ಇಂಡಿಯನ್ ಟಾಯ್ಲೆಟ್ ಇದ್ದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿದ್ದಾರೆ. ಕುಕ್ಕರುಗಾಲಿನಲ್ಲಿ ಕೂತಾಗ ಆ ತಿರುವು ಸ್ವಲ್ಪ ನೇರವಾಗುವುದು ಹೌದು, ಕಮೋಡಾದರೆ ಕಾಲಡಿಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡರೆ ಅದೇ ಲಾಭ. ಆದರೆ ಬಿಗಿಯುವ ಸ್ನಾಯು ಹೇಗೆ ಕೂತರೂ ಬಿಗಿಯುತ್ತದೆ. ಬೆಳಗ್ಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಹೋಗಿ, ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಅರ್ಧ ಗಂಟೆ ತಿಣುಕುವುದನ್ನು ಇವತ್ತೇ ನಿಲ್ಲಿಸಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ನೋವಿಗೆ ಟ್ರಮಡಾಲ್ ಇಂಥವು ನಡೆಯುತ್ತಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇವೂ ಮಲ ಗಟ್ಟಿ ಮಾಡುತ್ತವೆ. ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೊಲೊನೋಸ್ಕೋಪಿ ನಾರ್ಮಲ್ ಇತ್ತಲ್ಲ ಎಂದು ಸುಮ್ಮನಿರದೆ ಬೇಗ ತೋರಿಸಿ.

ಆಪರೇಷನ್ನಿಗೆ ದಿನ ಗೊತ್ತಾಗಿದ್ದರೆ ಮುಂದೂಡಲು ಹೇಳಿ. ರೆಕ್ಟೋಸೀಲ್ ಒಂದೆರಡು ತಿಂಗಳಲ್ಲಿ ಕೈಮೀರುವ ರೋಗವಲ್ಲ, ಸರ್ಜನ್ ಕೂಡ ಇದಕ್ಕೆ ಬೇಸರಿಸಬೇಕಾಗಿಲ್ಲ. ಬಲೂನ್ ಟೆಸ್ಟಿಗೆ ಅಪಾಯಿಂಟ್‌ಮೆಂಟ್ ತೆಗೆಯುವಾಗ ಫೋನಿನಲ್ಲೇ ಮೂರು ಮಾತು ಕೇಳಿ: ಕೂತು ಮಾಡಿಸುತ್ತೀರೋ, ಕೋಣೆಯಲ್ಲಿ ಪರದೆ ಅಥವಾ ಬಾಗಿಲು ಇದೆಯೋ, ಅದೇ ದಿನ ಮ್ಯಾನೋಮೆಟ್ರಿ ಆಗುತ್ತದೆಯೋ. ಮಲಗಿಯೇ ಮಾಡುತ್ತೇವೆ ಎಂದರೆ ಬೇರೆ ಕಡೆ ವಿಚಾರಿಸಿ. ಹೋಗುವಾಗ ಎಂಆರ್‌ಐಯ ಹಾಳೆಯ ಜೊತೆಗೆ ಸಿ.ಡಿ.ಯೂ ಕೈಯಲ್ಲಿರಲಿ.